ತಿಂಡಿ ಗಾಡಿಯ ರೀಲ್ ಹತ್ತಿರದವರಿಗೆ ಸಿಗಬೇಕಾ? ಕ್ಯಾಪ್ಶನ್ ಮತ್ತು ಲೊಕೇಶನ್ ಹೀಗೆ ಹಾಕಿ

ಒಂದು ಸುಟ್ಟ ಜೋಳದ ಗಾಡಿಯ ರೀಲ್ ಮಾಡಿದ್ದೆ. ಕೆಂಡದ ಮೇಲೆ ತೆನೆ ತಿರುಗಿಸುವುದು, ಕಾಳು ಚಿಟಪಟ ಸಿಡಿಯುವುದು, ಸಿಪ್ಪೆಯಲ್ಲೇ ಸುತ್ತಿ ಕೈಗೆ ಕೊಡುವುದು, ಎಲ್ಲ ಚೆನ್ನಾಗಿ ಬಂದಿತ್ತು. ಕ್ಯಾಪ್ಶನ್‌ನಲ್ಲಿ "ಈ ರುಚಿ ಬೇರೆಲ್ಲೂ ಸಿಗಲ್ಲ" ಅಂತ ಬರೆದೆ. ಲೊಕೇಶನ್ ಕೇಳಿದಾಗ ಇಡೀ ಊರಿನ ಹೆಸರು ಒತ್ತಿದೆ. ನೋಡಿದವರು ಬೇಕಾದಷ್ಟು ಜನ ಇದ್ದರು. ಒಂದು ವಾರ ಬಿಟ್ಟು ಗಾಡಿ ಹತ್ತಿರ ಹೋಗಿ ವಿಚಾರಿಸಿದೆ. "ವಿಡಿಯೋ ನೋಡಿ ಬಂದೆ ಅಂತ ಯಾರೂ ಹೇಳಲಿಲ್ಲಪ್ಪ" ಅಂದರು ಗಾಡಿಯವರು. ಮನೆಗೆ ಬಂದು ಕಾಮೆಂಟ್ ಓದಿದೆ. ಹೆಚ್ಚಿನವರು ಒಂದೇ ಮಾತು ಕೇಳಿದ್ದರು: "ಎಲ್ಲಿ ಇದು?"

ಆ ಗಾಡಿಯಿಂದ ಹತ್ತು ನಿಮಿಷ ನಡೆದರೆ ಸಿಗುವ ಮನೆಯಲ್ಲಿ ಇರುವವರಿಗೂ ಅದು ಎಲ್ಲಿದೆ ಅಂತ ನನ್ನ ರೀಲ್ ಹೇಳಿರಲಿಲ್ಲ. ಆಮೇಲೆ ನಾನು ಕ್ಯಾಪ್ಶನ್ ಬರೆಯುವ ರೀತಿಯನ್ನೇ ಬದಲಾಯಿಸಿಕೊಂಡೆ. ಇನ್‌ಸ್ಟಾಗ್ರಾಂ ರೀಲ್ ಇಟ್ಟುಕೊಂಡು ಅದನ್ನು ಹಂತ ಹಂತವಾಗಿ ಇಲ್ಲಿ ಹೇಳುತ್ತೇನೆ. ಉದಾಹರಣೆಗೆ ಅದೇ ಜೋಳದ ಗಾಡಿ. ಊರು, ಬಡಾವಣೆ ಹೆಸರು ಬರುವ ಕಡೆ ಖಾಲಿ ಬಿಟ್ಟಿದ್ದೇನೆ, ನಿಮ್ಮದನ್ನು ತುಂಬಿಕೊಳ್ಳಿ.

ಹತ್ತಿರದವರು ಹುಡುಕುವುದು ಹೇಗೆ

ಮೊದಲು ಇದೊಂದು ಗೊತ್ತಿರಲಿ. ಹತ್ತಿರದಲ್ಲಿರುವ ಒಬ್ಬರು ನಿಮ್ಮ ರೀಲ್‌ಗೆ ಮೂರು ದಾರಿಯಲ್ಲಿ ಬರಬಹುದು. ಒಂದು, ಆ್ಯಪ್‌ನ ಹುಡುಕಾಟದಲ್ಲಿ ತಿಂಡಿಯ ಹೆಸರು, ಬಡಾವಣೆಯ ಹೆಸರು ಟೈಪ್ ಮಾಡಿ. ಎರಡು, ಯಾವುದೋ ಒಂದು ಜಾಗದ ಪುಟವನ್ನೋ ಮ್ಯಾಪನ್ನೋ ತೆರೆದು ಅಲ್ಲಿ ಏನೇನಿದೆ ಅಂತ ನೋಡಿ. 2022ರಲ್ಲಿ ಇನ್‌ಸ್ಟಾಗ್ರಾಂ ಮ್ಯಾಪ್‌ನಲ್ಲೇ ಹುಡುಕುವ ಸೌಲಭ್ಯ ಕೊಟ್ಟ ಮೇಲೆ ಈ ದಾರಿ ಇನ್ನೂ ಸಲೀಸಾಯಿತು. ಮೂರು, ಗೂಗಲ್‌ನಲ್ಲಿ. 2025ರ ಜುಲೈ 10ರಿಂದ ಪ್ರೊಫೆಷನಲ್ ಖಾತೆಗಳ ಪಬ್ಲಿಕ್ ಪೋಸ್ಟ್‌ಗಳು ಗೂಗಲ್‌ನಂಥ ಕಡೆಯೂ ಕಾಣಿಸಿಕೊಳ್ಳಬಹುದು.

ಮೊದಲನೆಯದಕ್ಕೂ ಮೂರನೆಯದಕ್ಕೂ ಕ್ಯಾಪ್ಶನ್‌ನ ಪದಗಳು ಬೇಕು. ಎರಡನೆಯದಕ್ಕೆ ಲೊಕೇಶನ್ ಟ್ಯಾಗ್ ಬೇಕು. ಒಂದು ಮಾಡುವ ಕೆಲಸವನ್ನು ಇನ್ನೊಂದು ಮಾಡುವುದಿಲ್ಲ. ಹಾಗಾಗಿ ಟ್ಯಾಗ್ ಹಾಕಿದೆನಲ್ಲ ಅಂತ ಕ್ಯಾಪ್ಶನ್‌ನಲ್ಲಿ ಜಾಗದ ಹೆಸರು ಬಿಡಬಾರದು. ಮತ್ತೆ, ಖಾತೆ ಪ್ರೈವೇಟ್ ಆಗಿದ್ದರೆ ಎರಡೂ ದಂಡ. ಜಾಗದ ಪುಟದಲ್ಲಿ ಪಬ್ಲಿಕ್ ಖಾತೆಗಳ ಪೋಸ್ಟ್ ಮಾತ್ರ ಎಲ್ಲರಿಗೂ ಕಾಣುತ್ತದೆ.

ಹಂತ 1: ಗಾಡಿ ಹತ್ತಿರವೇ ಪದ ಸಂಗ್ರಹಿಸಿ

ಕ್ಯಾಪ್ಶನ್ ಬರೆಯಲು ಮನೆಗೆ ಹೋಗುವ ತನಕ ಕಾಯಬೇಡಿ. ವಿಡಿಯೋ ಮುಗಿದ ಮೇಲೆ ಐದು ನಿಮಿಷ ಅಲ್ಲೇ ನಿಂತು ಒಂದು ಪ್ರಶ್ನೆ ಕೇಳಿ. ನಾನು ಕೇಳಿದ್ದು ಹೀಗೆ:

"ಅಣ್ಣ, ಯಾರಾದ್ರೂ ಫೋನ್ ಮಾಡಿ ಗಾಡಿ ಎಲ್ಲಿದೆ ಅಂದ್ರೆ ಏನಂತ ಹೇಳ್ತೀರಾ?"

"ಪಾರ್ಕ್ ಹಿಂದಿನ ಗೇಟ್ ಹತ್ರ ಬನ್ನಿ ಅಂತೀನಿ. ನೀರಿನ ಟ್ಯಾಂಕ್ ಕೆಳಗೆ, ನೀಲಿ ಛತ್ರಿ."

ಇಷ್ಟೇ. ನನ್ನ ಕ್ಯಾಪ್ಶನ್‌ನ ಮುಕ್ಕಾಲು ಭಾಗ ಆ ಎರಡು ಮಾತಿನಲ್ಲೇ ಸಿಕ್ಕಿತು. ಅಲ್ಲಿಯ ಜನ ಆ ಜಾಗವನ್ನು ಕರೆಯುವುದೇ "ಹಿಂದಿನ ಗೇಟ್" ಅಂತ. ರಸ್ತೆಗೆ ಕಾಗದದ ಮೇಲೆ ಬೇರೆ ಹೆಸರಿದೆ, ಆದರೆ ಯಾರೂ ಹಾಗೆ ಹೇಳುವುದಿಲ್ಲ. ಬಾಯಲ್ಲಿ ಹೇಳದ ಹೆಸರನ್ನು ಯಾರೂ ಟೈಪ್ ಮಾಡುವುದೂ ಇಲ್ಲ.

ಜೊತೆಗೆ ಇನ್ನು ಮೂರು ವಿಷಯ ಕೇಳಿಕೊಳ್ಳಿ: ಎಷ್ಟು ಗಂಟೆಯಿಂದ ಎಷ್ಟರವರೆಗೆ, ಯಾವ ದಿನ ರಜೆ, ಮಳೆ ಬಂದರೆ ಗಾಡಿ ಇರುತ್ತದಾ. ಆಮೇಲೆ ಜಾಗ ಹಾಕಲು ಒಪ್ಪಿಗೆ ಕೇಳಿ. ಇದನ್ನು ಸುಮ್ನೆ ಮರ್ಯಾದೆಗೆ ಹೇಳುತ್ತಿಲ್ಲ. ಒಬ್ಬರೇ ಸುಟ್ಟು, ಒಬ್ಬರೇ ದುಡ್ಡು ತೆಗೆದುಕೊಳ್ಳುವ ಗಾಡಿಗೆ ಒಂದೇ ಸಂಜೆ ಐವತ್ತು ಜನ ಬಂದರೆ ಕಷ್ಟ. ಕೆಲವರಿಗೆ ನಿಲ್ಲುವ ಜಾಗದ್ದೇ ತೊಂದರೆ ಇರುತ್ತದೆ. ಬೇಡ ಅಂದರೆ ಬಡಾವಣೆ ಹೆಸರಿಗೆ ನಿಲ್ಲಿಸಿ. ಅವರ ಫೋನ್ ನಂಬರ್ ಅಂತೂ ಅವರು ಹೇಳದೆ ಹಾಕಲೇಬೇಡಿ.

ಹಂತ 2: ಲೊಕೇಶನ್ ಆರಿಸುವುದು

ನಿಧಾನವಾಗಿ ಮಾಡಬೇಕಾದ ಕೆಲಸ ಇದು. ರೀಲ್ ಹಾಕುವ ಪರದೆಯಲ್ಲಿ Add location ಒತ್ತಿದರೆ ಒಂದು ಪಟ್ಟಿ ಬರುತ್ತದೆ. ಫೋನ್ ಈಗ ಎಲ್ಲಿದೆಯೋ ಅದರ ಸುತ್ತಲಿನ ಜಾಗಗಳೇ ಅಲ್ಲಿ ಮೇಲೆ ಇರುತ್ತವೆ. ಮನೆಯಲ್ಲಿ ಕೂತು ಹಾಕಿದರೆ ಮನೆ ಹತ್ತಿರದ ಜಿಮ್ಮೋ ಅಂಗಡಿಯೋ ಮೊದಲು ಕಾಣುತ್ತದೆ. ಅವಸರದಲ್ಲಿ ಅದನ್ನೇ ಒತ್ತಿಬಿಡುವವರು ಜಾಸ್ತಿ. ಪಟ್ಟಿಯಿಂದ ಆರಿಸಬೇಡಿ, ಮೇಲಿನ ಖಾನೆಯಲ್ಲಿ ಹೆಸರು ಟೈಪ್ ಮಾಡಿ ಹುಡುಕಿ.

ಒಂದು ರೀಲ್‌ಗೆ ಒಂದೇ ಲೊಕೇಶನ್. ನಮಗೆ ಬೇಕಾದ ಹೆಸರನ್ನು ಅಲ್ಲಿ ಬರೆಯಲು ಆಗುವುದಿಲ್ಲ, ಇರುವುದರಲ್ಲೇ ಆರಿಸಬೇಕು. ಆಗ ಮುಂದೆ ನಾಲ್ಕು ಮೆಟ್ಟಿಲು ಇರುತ್ತವೆ: ಗಾಡಿಯದ್ದೇ ಹೆಸರಿನ ಜಾಗ, ಪಕ್ಕದ ಎಲ್ಲರಿಗೂ ಗೊತ್ತಿರುವ ಗುರುತು, ಬಡಾವಣೆ, ಊರು.

ಊರಿನ ಹೆಸರು ಹಾಕುವ ಆಸೆ ನನಗೂ ಇತ್ತು. ದೊಡ್ಡ ಹೆಸರು ಹಾಕಿದರೆ ಜಾಸ್ತಿ ಜನ ನೋಡುತ್ತಾರೆ ಅನ್ನಿಸುತ್ತದೆ. ಆದರೆ ದೊಡ್ಡ ಊರಿನ ಪುಟ ತೆರೆದು ನೋಡಿ. ಮದುವೆ ಫೋಟೋ, ಕ್ರಿಕೆಟ್, ಮಳೆ, ಟ್ರಾಫಿಕ್, ನಿಮಿಷಕ್ಕೊಂದು ಹೊಸ ಪೋಸ್ಟ್. ನಿಮ್ಮ ಜೋಳ ಅಲ್ಲಿ ಅರ್ಧ ಗಂಟೆಯಲ್ಲಿ ತಳ ಸೇರುತ್ತದೆ. ಜೋಳ ತಿನ್ನಬೇಕು ಅನ್ನಿಸಿದವರು ಊರಿನ ಪುಟ ತೆರೆಯುವುದೂ ಇಲ್ಲ. ಪಾರ್ಕಿಗೆ ಹೊರಟವರು ಪಾರ್ಕಿನ ಪುಟ ತೆರೆಯುತ್ತಾರೆ.

ಗಾಡಿಯದ್ದೇ ಹೆಸರಿನ ಜಾಗ ಇದ್ದರೆ, ಅದರ ಪಿನ್ ಸರಿಯಾಗಿದ್ದರೆ, ಅದನ್ನೇ ಹಾಕಿ. ಬೇರೆಯವರು ಹಾಕಿದ ವಿಡಿಯೋಗಳೂ ಅಲ್ಲೇ ಸೇರುತ್ತವೆ, ಗಾಡಿಗೆ ಅದೊಂದು ವಿಳಾಸ ಆಗುತ್ತದೆ. ಆದರೆ ಹೆಚ್ಚಿನ ಗಾಡಿಗಳಿಗೆ ಅಂಥದ್ದು ಇರುವುದಿಲ್ಲ. ಇನ್‌ಸ್ಟಾಗ್ರಾಂ ಒಳಗೆ ಹೊಸ ಜಾಗ ಸೇರಿಸುವ ಗುಂಡಿ ಇಲ್ಲ. ಗಾಡಿಯವರು ಫೇಸ್‌ಬುಕ್‌ನಲ್ಲಿ ವ್ಯಾಪಾರದ ಪುಟ ಮಾಡಿ ವಿಳಾಸ ತುಂಬಿದರೆ ಕೆಲವು ದಿನದಲ್ಲಿ ಅದು ಪಟ್ಟಿಗೆ ಬರಬಹುದು. ವರ್ಷವಿಡೀ ಒಂದೇ ಜಾಗದಲ್ಲಿ ನಿಲ್ಲುವ ಗಾಡಿಗೆ ಮಾತ್ರ ಈ ಕೆಲಸ ಮಾಡಿಸಿ. ಸ್ಥಳ ಬದಲಾಯಿಸುವ ಗಾಡಿಗೆ ತಪ್ಪು ಪಿನ್ ಇರುವುದಕ್ಕಿಂತ ಪಿನ್ ಇಲ್ಲದಿರುವುದೇ ಮೇಲು.

ಉಳಿದ ಎಲ್ಲ ಗಾಡಿಗಳಿಗೂ ನಾನು ಎರಡನೇ ಮೆಟ್ಟಿಲು ಹಿಡಿಯುತ್ತೇನೆ: ಪಕ್ಕದ ಗುರುತು. ಪಾರ್ಕ್, ರೈಲು ನಿಲ್ದಾಣ, ಮಾರುಕಟ್ಟೆ, ಆಟದ ಮೈದಾನ, ಹೀಗೆ ಎಲ್ಲರದೂ ಆಗಿರುವ ಜಾಗ. ಗುರುತು ಅಂತ ಪಕ್ಕದ ಖಾಸಗಿ ಅಂಗಡಿಯನ್ನು ಆರಿಸಬೇಡಿ. ಗಾಡಿ ಹಿಂದೆ ಇರುವ ಅಂಗಡಿಯನ್ನು ಟ್ಯಾಗ್ ಮಾಡಿದರೆ ನಿಮ್ಮ ರೀಲ್ ಆ ಅಂಗಡಿಯ ಪುಟದಲ್ಲಿ ಕೂರುತ್ತದೆ. ಜನ ಒಳಗೆ ಹೋಗಿ ಜೋಳ ಕೇಳುತ್ತಾರೆ. ಅಂಗಡಿಯವರ ಸಿಟ್ಟು ಕೊನೆಗೆ ಗಾಡಿಯವರ ಮೇಲೆ ಬೀಳುತ್ತದೆ. ಎರಡು ಕಿಲೋಮೀಟರ್ ದೂರದ ಹೆಸರುವಾಸಿ ಜಾಗವನ್ನು ಹಾಕುವುದೂ ಬೇಡ. ಅಲ್ಲಿಗೆ ಬಂದವರು ಹುಡುಕಿ ಹುಡುಕಿ ವಾಪಸ್ ಹೋಗುತ್ತಾರೆ, ಮತ್ತೆ ನಿಮ್ಮ ಮಾತು ನಂಬುವುದಿಲ್ಲ.

ಟ್ಯಾಗ್ ಒತ್ತುವ ಮೊದಲು ಎರಡು ನಿಮಿಷದ ಪರೀಕ್ಷೆ ಮಾಡಿ. ಹುಡುಕಾಟದಲ್ಲಿ ಆ ಹೆಸರು ಹಾಕಿ, Places ಒತ್ತಿ. ಒಂದೇ ಪಾರ್ಕಿಗೆ ಬೇರೆ ಬೇರೆ ಸ್ಪೆಲಿಂಗ್‌ನಲ್ಲಿ ಎರಡು ಮೂರು ಪುಟ ಇರುವುದು ಮಾಮೂಲು. ಬೇರೆ ಊರಿನಲ್ಲೂ ಅದೇ ಹೆಸರಿನ ಪಾರ್ಕ್ ಇರಬಹುದು, ಆದ್ದರಿಂದ ಹೆಸರಿನ ಕೆಳಗಿನ ಸಣ್ಣಕ್ಷರದ ವಿಳಾಸ ಓದಿ. ಆಮೇಲೆ ಒಂದೊಂದೇ ತೆರೆದು ಮ್ಯಾಪ್‌ನಲ್ಲಿ ಪಿನ್ ಎಲ್ಲಿ ಬಿದ್ದಿದೆ ಅಂತ ನೋಡಿ. ಹೊಸ ಪೋಸ್ಟ್‌ಗಳು ಯಾವತ್ತಿನವು ಅಂತಲೂ ನೋಡಿ. ನನಗೆ ಮೂರು ಪುಟ ಸಿಕ್ಕವು. ಒಂದರ ಪಿನ್ ಪಾರ್ಕಿನಿಂದ ನಾಲ್ಕು ರಸ್ತೆ ಆಚೆ ಇತ್ತು. ಇನ್ನೊಂದರಲ್ಲಿ ಕೊನೆಯ ಪೋಸ್ಟ್ ಎರಡು ವರ್ಷ ಹಳೆಯದು. ಮೂರನೆಯದರಲ್ಲಿ ಹಿಂದಿನ ದಿನದ ಬೆಳಗಿನ ವಾಕಿಂಗ್ ಫೋಟೋಗಳಿದ್ದವು. ಜನ ಓಡಾಡುವ ಪುಟ ಅದೇ, ಅದನ್ನೇ ಹಾಕಿದೆ. ದಿನಕ್ಕೆ ನಾಲ್ಕೈದು ಪೋಸ್ಟ್ ಬೀಳುವ ಪುಟ ಸಿಕ್ಕರೆ ತುಂಬ ಒಳ್ಳೆಯದು. ಅಲ್ಲಿ ನಿಮ್ಮ ರೀಲ್ ಕೆಲವು ದಿನ ಮೇಲೆಯೇ ಉಳಿಯುತ್ತದೆ.

ಹಂತ 3: ಮೊದಲ ಸಾಲು

ಕ್ಯಾಪ್ಶನ್‌ಗೆ 2,200 ಅಕ್ಷರ ಹಿಡಿಸುತ್ತದೆ. ಆದರೆ ರೀಲ್ ಓಡುವಾಗ ಕೆಳಗೆ ಕಾಣುವುದು ಮೊದಲ ತುಣುಕು ಮಾತ್ರ, ಉಳಿದದ್ದಕ್ಕೆ ಒತ್ತಬೇಕು. ಹಾಗಾಗಿ ಮೊದಲ ಸಾಲಿನಲ್ಲಿ ತಿಂಡಿ, ಜಾಗ, ಹೊತ್ತು ಈ ಮೂರೂ ಇರಲಿ. "ಈ ರುಚಿ ಬೇರೆಲ್ಲೂ ಸಿಗಲ್ಲ" ಅನ್ನುವ ನನ್ನ ಹಳೆಯ ಸಾಲಿನಲ್ಲಿ ಈ ಮೂರರಲ್ಲಿ ಒಂದೂ ಇರಲಿಲ್ಲ. ಅದನ್ನು ಯಾವ ತಿಂಡಿಗೆ ಬೇಕಾದರೂ ಅಂಟಿಸಬಹುದು. ಹುಡುಕುವವರು ಟೈಪ್ ಮಾಡುವ ಒಂದು ಪದವೂ ಅದರಲ್ಲಿಲ್ಲ.

ತಿದ್ದಿದ ಮೇಲೆ ಪೂರ್ತಿ ಕ್ಯಾಪ್ಶನ್ ಹೀಗಾಯಿತು:

> ಸುಟ್ಟ ಜೋಳ, ____ ಪಾರ್ಕ್ ಹಿಂದಿನ ಗೇಟ್, ____, ಸಂಜೆ 4ರಿಂದ 8.
>
> ಮುಖ್ಯ ಗೇಟ್ ಕಡೆ ಅಲ್ಲ. ಹಿಂದಿನ ಗೇಟಿನಿಂದ ಹೊರಗೆ ಬಂದು ಎಡಕ್ಕೆ ತಿರುಗಿ, ನೀರಿನ ಟ್ಯಾಂಕ್ ಕೆಳಗೆ ನೀಲಿ ಛತ್ರಿಯ ಗಾಡಿ. ಕೆಂಡದಲ್ಲಿ ಸುಟ್ಟಿದ್ದೂ ಇದೆ, ಬೇಯಿಸಿದ್ದೂ ಇದೆ. ಎಳೆಯದು ಬೇಕಾ ಬಲಿತದ್ದು ಬೇಕಾ ಅಂತ ಕೇಳಿ ಕೊಡುತ್ತಾರೆ. ಸೋಮವಾರ ರಜೆ. ಮಳೆ ಬಂದರೆ ಗಾಡಿ ಇರಲ್ಲ.
>
> Roasted corn near ____ park back gate, ____.

ಇದರಲ್ಲಿ ನನಗೆ ಬಹಳ ಮುಖ್ಯ ಅನ್ನಿಸುವುದು "ಮುಖ್ಯ ಗೇಟ್ ಕಡೆ ಅಲ್ಲ" ಅನ್ನುವ ಮಾತು. ಪಾರ್ಕಿನ ಪಿನ್ ಇರುವುದು ಮುಖ್ಯ ಗೇಟ್ ಹತ್ತಿರ. ಟ್ಯಾಗ್ ಒತ್ತಿ ದಾರಿ ಹಿಡಿದವರು ಅಲ್ಲಿಗೇ ಬರುತ್ತಾರೆ. ಪಿನ್ ಎಲ್ಲಿ ತಪ್ಪಿಸುತ್ತದೆ ಅಂತ ನೋಡಿ, ಆ ತಪ್ಪನ್ನು ಕ್ಯಾಪ್ಶನ್‌ನಲ್ಲಿ ಸರಿ ಮಾಡಿ. ಪ್ರತಿ ಗಾಡಿಗೂ ಇಂಥದ್ದೊಂದು ಸಾಲು ಬೇಕಾಗುತ್ತದೆ: ಸೇತುವೆಯ ಮೇಲೆ ಅಲ್ಲ, ಕೆಳಗೆ. ನಿಲ್ದಾಣದ ಒಳಗೆ ಅಲ್ಲ, ಟಿಕೆಟ್ ಕೌಂಟರ್ ಆಚೆ.

"ಸುಟ್ಟಿದ್ದೂ ಇದೆ, ಬೇಯಿಸಿದ್ದೂ ಇದೆ" ಅಂತ ಬರೆದದ್ದಕ್ಕೂ ಕಾರಣ ಇದೆ. ಕೆಲವರು ಸುಟ್ಟ ಜೋಳ ಅಂತ ಹುಡುಕುತ್ತಾರೆ, ಕೆಲವರು ಬೇಯಿಸಿದ ಜೋಳ ಅಂತ. ಗಾಡಿಯಲ್ಲಿ ನಿಜವಾಗಿ ಎರಡೂ ಸಿಗುತ್ತದೆ ಅಂತಾದರೆ ಎರಡೂ ಪದ ಇರಲಿ. ಸಿಗದ ತಿಂಡಿಯ ಹೆಸರನ್ನು ಹುಡುಕಾಟಕ್ಕೆ ಅಂತ ತುರುಕಬೇಡಿ. ಅಷ್ಟು ದೂರ ಬಂದವರಿಗೆ ಅದು ಸಿಗದಿದ್ದರೆ ಮಾತು ಕೇಳಬೇಕಾದವರು ಗಾಡಿಯವರು.

ಬೆಲೆ ಹಾಕಬೇಕಾ? ನಾನು ಹಾಕುವುದಿಲ್ಲ. ರೀಲ್ ವರ್ಷಗಟ್ಟಲೆ ಉಳಿಯುತ್ತದೆ, ಬೆಲೆ ಉಳಿಯುವುದಿಲ್ಲ. ಹಳೆಯ ಬೆಲೆ ತೋರಿಸಿ ಗಿರಾಕಿಗಳು ಜಗಳ ತೆಗೆಯುತ್ತಾರೆ.

ಹಂತ 4: ಎರಡೂ ಲಿಪಿಯಲ್ಲಿ ಒಂದೊಂದು ಸಲ

ಕನ್ನಡದಲ್ಲಿ ಮಾತಾಡುವವರೂ ಹುಡುಕುವಾಗ ಇಂಗ್ಲಿಷ್ ಅಕ್ಷರದಲ್ಲಿ ಟೈಪ್ ಮಾಡುವುದು ತುಂಬಾ ಸಾಮಾನ್ಯ. ಕೀಬೋರ್ಡ್ ಬದಲಾಯಿಸುವ ತಾಳ್ಮೆ ಹಸಿದಾಗ ಇರುವುದಿಲ್ಲ. ಹುಡುಕಾಟ ಮೊದಲು ನೋಡುವುದು ಟೈಪ್ ಮಾಡಿದ ಪದ ಎಲ್ಲಿ ಹೊಂದುತ್ತದೆ ಅಂತ. ಹಾಗಾಗಿ ತಿಂಡಿ, ಬಡಾವಣೆ, ಊರು, ಈ ಮೂರು ಹೆಸರು ಕನ್ನಡದಲ್ಲಿ ಒಂದು ಸಲ, ಇಂಗ್ಲಿಷ್‌ನಲ್ಲಿ ಒಂದು ಸಲ ಬರಲಿ. ಮೇಲಿನ ಕೊನೆಯ ಸಾಲು ಅದಕ್ಕೇ. ಬಡಾವಣೆಯ ಇಂಗ್ಲಿಷ್ ಸ್ಪೆಲಿಂಗ್ ಎರಡು ಥರ ಇದ್ದರೆ ಜಾಗದ ಪುಟದಲ್ಲಿ ಯಾವುದಿದೆಯೋ ಅದನ್ನು ಇಟ್ಟುಕೊಳ್ಳಿ.

ಒಂದೇ ಹೆಸರನ್ನು ಹತ್ತು ಸಲ ಬರೆದರೆ ಜಾಸ್ತಿ ಜನ ಬರುವುದಿಲ್ಲ, ಓದುವವರಿಗೆ ಬೇಜಾರು ಅಷ್ಟೆ. "near me" ಅಂತ ಬರೆಯುವುದೂ ದಂಡ. ಹುಡುಕುವವರು "ನನ್ನ ಹತ್ತಿರ" ಅಂದಾಗ ಅದು ಅವರ ಫೋನ್ ಇರುವ ಜಾಗ. ನಿಮ್ಮ ಕ್ಯಾಪ್ಶನ್‌ಗೆ ಅದು ಗೊತ್ತಿಲ್ಲ. ಅದು ಕೊಡಬಹುದಾದದ್ದು ಬಡಾವಣೆಯ ಹೆಸರು ಮಾತ್ರ.

ಹ್ಯಾಷ್‌ಟ್ಯಾಗ್ ಮೂರು ಸಾಕು: ಊರು ಮತ್ತು ತಿಂಡಿ ಸೇರಿಸಿ ಒಂದು, ಬಡಾವಣೆಯದ್ದು ಒಂದು, ತಿಂಡಿಯದ್ದು ಒಂದು. ಅವನ್ನು ಕ್ಯಾಪ್ಶನ್‌ನಲ್ಲೇ ಇಡಿ. ಹುಡುಕಾಟದಲ್ಲಿ ಸಿಗಬೇಕಾದರೆ ಪದಗಳೂ ಹ್ಯಾಷ್‌ಟ್ಯಾಗ್‌ಗಳೂ ಕ್ಯಾಪ್ಶನ್‌ನಲ್ಲಿರಬೇಕು, ಕಾಮೆಂಟ್‌ನಲ್ಲಿ ಅಲ್ಲ ಅಂತ ಇನ್‌ಸ್ಟಾಗ್ರಾಂ 2021ರಲ್ಲೇ ಹೇಳಿದೆ. ಮೊದಲ ಕಾಮೆಂಟ್‌ನಲ್ಲಿ ಹಾಕುವ ಹಳೆಯ ಅಭ್ಯಾಸ ಇದ್ದರೆ ಬಿಟ್ಟುಬಿಡಿ.

ಹಂತ 5: ಮಾರನೇ ದಿನ ಹುಡುಕಿ ನೋಡಿ

ಒಂದು ದಿನ ಬಿಟ್ಟು ಪರೀಕ್ಷೆ ಮಾಡಿ, ಆದರೆ ನಿಮ್ಮ ಖಾತೆಯಿಂದ ಅಲ್ಲ. ನೀವು ಏನು ನೋಡುತ್ತೀರಿ, ಯಾರ ಜೊತೆ ಮಾತಾಡುತ್ತೀರಿ ಅನ್ನುವುದರ ಮೇಲೂ ಹುಡುಕಾಟ ಬದಲಾಗುತ್ತದೆ. ನಿಮಗೆ ನಿಮ್ಮ ರೀಲ್ ಮೇಲೆ ಕಂಡರೆ ಅದನ್ನು ನಂಬಲಾಗದು. ಅದೇ ಬಡಾವಣೆಯಲ್ಲಿರುವ, ನಿಮ್ಮನ್ನು ಫಾಲೋ ಮಾಡದ ಒಬ್ಬರ ಫೋನ್ ಕೇಳಿ. ನಾನು ಪಾರ್ಕಿನ ಬೆಂಚಿನಲ್ಲಿ ಕೂತಿದ್ದ ಪರಿಚಯದ ಅಕ್ಕನ ಫೋನಿನಲ್ಲಿ ನೋಡಿದೆ.

ಮೂರು ಸಲ ಹುಡುಕಿ. ತಿಂಡಿ ಮತ್ತು ಬಡಾವಣೆ ಹೆಸರು ಕನ್ನಡದಲ್ಲಿ. ಅದೇ ಇಂಗ್ಲಿಷ್ ಅಕ್ಷರದಲ್ಲಿ. ಆಮೇಲೆ ಜಾಗದ ಪುಟ ತೆರೆದು ಹೊಸ ಪೋಸ್ಟ್‌ಗಳ ಸಾಲಿನಲ್ಲಿ. ನನ್ನದು ಜಾಗದ ಪುಟದಲ್ಲಿ ತಕ್ಷಣ ಸಿಕ್ಕಿತು, ಇಂಗ್ಲಿಷ್ ಹುಡುಕಾಟದಲ್ಲಿ ಸ್ವಲ್ಪ ಕೆಳಗೆ ಸಿಕ್ಕಿತು, ಕನ್ನಡದಲ್ಲಿ ಸಿಗಲೇ ಇಲ್ಲ. ನೋಡಿದರೆ ನಾನು ಬಡಾವಣೆಯ ಹೆಸರನ್ನು ಪಾರ್ಕಿನ ಜೊತೆ ಕೂಡಿಸಿ, ವಿಭಕ್ತಿ ಹಚ್ಚಿ, ಒಂದೇ ಉದ್ದ ಪದ ಮಾಡಿದ್ದೆ. ಬಿಡಿಸಿ ಬರೆದೆ. ಎರಡು ದಿನ ಬಿಟ್ಟು ನೋಡಿದಾಗ ಅಲ್ಲೂ ಬಂದಿತ್ತು. ಬೇರೆ ಏನಾದರೂ ಕಾರಣ ಇದ್ದಿರಬಹುದು, ಆದರೂ ಅಂದಿನಿಂದ ಮೊದಲ ಸಾಲಿನಲ್ಲಿ ಹೆಸರುಗಳನ್ನು ಬಿಡಿ ಬಿಡಿಯಾಗಿಯೇ ಇಡುತ್ತೇನೆ. ಯಾರ ರೀಲ್ ಮೇಲೆ, ಯಾರದು ಕೆಳಗೆ ಅನ್ನುವುದು ಮಾತ್ರ ನಮ್ಮ ಕೈಯಲ್ಲಿಲ್ಲ.

ಇನ್ನು ಕಾಮೆಂಟ್‌ಗಳನ್ನು ಓದುವುದು ಕಲಿಯಿರಿ. "ಎಲ್ಲಿ ಇದು?" ಅಂತ ಬರುತ್ತಿದ್ದರೆ ಮೊದಲ ಸಾಲು ಕೆಲಸ ಮಾಡಿಲ್ಲ. "ಹೋಗಿದ್ದೆ, ಸಿಗಲಿಲ್ಲ" ಅಂತ ಬಂದರೆ ದಾರಿಯೋ ಹೊತ್ತೋ ತಪ್ಪಿದೆ, ಅವರನ್ನೇ ಯಾವ ಕಡೆಯಿಂದ ಬಂದಿರಿ, ಎಷ್ಟು ಗಂಟೆಗೆ ಬಂದಿರಿ ಅಂತ ಕೇಳಿ. "ನಾಳೆ ಹೋಗೋಣ್ವಾ?" ಅಂತ ಒಬ್ಬರು ಇನ್ನೊಬ್ಬರನ್ನು ಕರೆದಿದ್ದರೆ ಸರಿಯಾದವರಿಗೆ ತಲುಪಿದೆ. ಲೈಕ್‌ಗಿಂತ ಸೇವ್ ಎಷ್ಟಾಗಿದೆ, ಶೇರ್ ಎಷ್ಟಾಗಿದೆ ಅಂತ ನೋಡಿ. ಹೋಗಬೇಕು ಅಂದುಕೊಂಡವರು ಸೇವ್ ಮಾಡಿಟ್ಟುಕೊಳ್ಳುತ್ತಾರೆ, ಇಲ್ಲವೇ ಜೊತೆಗೆ ಬರುವವರಿಗೆ ಕಳಿಸುತ್ತಾರೆ. ಎಲ್ಲಕ್ಕಿಂತ ಖಚಿತವಾದ ಲೆಕ್ಕ ಗಾಡಿಯವರ ಹತ್ತಿರ ಇರುತ್ತದೆ. ವಾರಕ್ಕೊಮ್ಮೆ ಹೋಗಿ ಕೇಳಿ. ತಿದ್ದಿದ ಮೇಲಿನ ವಾರ ನನಗೆ ಸಿಕ್ಕ ಉತ್ತರ: "ಮೂರ್ನಾಲ್ಕು ಜನ ನೀಲಿ ಛತ್ರಿ ಹುಡುಕ್ಕೊಂಡು ಬಂದಿದ್ರು."

ಗಾಡಿ ಜಾಗ ಬದಲಾದರೆ

ರೀಲ್ ಅಳಿಸಬೇಡಿ. ಮೂಲೆಯ ಮೂರು ಚುಕ್ಕಿ ಒತ್ತಿ Edit ತೆಗೆದರೆ ಕ್ಯಾಪ್ಶನ್ನನ್ನೂ ಲೊಕೇಶನ್ನನ್ನೂ ಬದಲಾಯಿಸಬಹುದು. ನೋಡಿದವರ ಲೆಕ್ಕ, ಕಾಮೆಂಟ್ ಎಲ್ಲ ಹಾಗೇ ಉಳಿಯುತ್ತದೆ. ಹೊಸ ಜಾಗಕ್ಕೆ ಹಂತ 2ರ ಪರೀಕ್ಷೆ ಮತ್ತೆ ಮಾಡಿ. ಮೊದಲ ಸಾಲಿನಲ್ಲಿ ಹೊಸ ಜಾಗ ಬರೆಯಿರಿ, ಎರಡನೇ ಸಾಲಿನಲ್ಲಿ "ಮೊದಲು ____ ಪಾರ್ಕ್ ಹಿಂದಿನ ಗೇಟ್ ಹತ್ತಿರ ಇದ್ದ ಗಾಡಿ" ಅಂತ ಸೇರಿಸಿ. ಹಳೆಯ ಗಿರಾಕಿಗಳು ಹುಡುಕುವುದು ಹಳೆಯ ಹೆಸರಿನಲ್ಲೇ. ಹಳೆಯ ದಾರಿ ಹೇಳಿ ನೀವು ಕೊಟ್ಟ ಉತ್ತರಗಳು ಕಾಮೆಂಟ್‌ನಲ್ಲಿದ್ದರೆ ಅವನ್ನು ತೆಗೆದುಹಾಕಿ, ಹೊಸ ದಾರಿ ಬರೆದು ಒಂದು ಕಾಮೆಂಟನ್ನು ಮೇಲೆ ಪಿನ್ ಮಾಡಿ. ವಿಡಿಯೋದ ಮೇಲೆಯೇ ಜಾಗದ ಹೆಸರು ಬರೆದಿದ್ದರೆ ಮಾತ್ರ ಅದನ್ನು ಹೀಗೆ ತಿದ್ದಲು ಬರುವುದಿಲ್ಲ. ಅದಕ್ಕೇ ಓಡಾಡುವ ಗಾಡಿಗಳ ವಿಡಿಯೋ ಮೇಲೆ ನಾನು ತಿಂಡಿಯ ಹೆಸರು, ಬಡಾವಣೆಯ ಹೆಸರು ಮಾತ್ರ ಬರೆಯುತ್ತೇನೆ. ಗೇಟು, ಟ್ಯಾಂಕು, ಛತ್ರಿ ಎಲ್ಲ ಕ್ಯಾಪ್ಶನ್‌ನಲ್ಲಿ.